ಯೋಗಾಸನ ಸ್ಪರ್ಧೆಯಲ್ಲಿ ಮಾರ್ಕು ಹೇಗೆ ಬೀಳುತ್ತದೆ? ಹೆತ್ತವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮಂಜೇಶ್ವರ, ಮುಳ್ಳೇರಿಯ ಕಡೆಯ ಮಕ್ಕಳಿಗೆ ನಾನು ಆಸನ ಕಲಿಸುತ್ತೇನೆ. ಸ್ಪರ್ಧೆಗಳಲ್ಲಿ ತೀರ್ಪುಗಾರರ ಮೇಜಿನ ಹಿಂದೆ ಕೂತದ್ದೂ ಉಂಟು. ಹಾಲ್‌ನ ಹೊರಗೆ ಚೀಲ ಹಿಡಿದು ಕಾಯುವ ಅಮ್ಮಂದಿರು, ಅಪ್ಪಂದಿರು, ಅಜ್ಜಂದಿರು ಕೇಳುವ ಪ್ರಶ್ನೆಗಳು ಹೆಚ್ಚಾಗಿ ಒಂದೇ ಬಗೆಯವು. ಅವನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಇದು ಪೂರ್ತಿ ಒಬ್ಬೊಬ್ಬರೇ ಮಾಡುವ ಸಾಂಪ್ರದಾಯಿಕ ಆಸನ ಸ್ಪರ್ಧೆಯ ಕುರಿತು. ಸಂಗೀತಕ್ಕೆ ಮಾಡುವ ಕಲಾತ್ಮಕ ಮತ್ತು ಜೋಡಿ ವಿಭಾಗಗಳ ಲೆಕ್ಕ ಬೇರೆ.

## ಮೊದಲ ಸಲ ಬರುವವರಿಗೆ

ಯೋಗದಲ್ಲಿ ಸ್ಪರ್ಧೆ ಎಂತದು ಮಾಷ್ಟ್ರೇ? ಯಾರ ಯೋಗ ಒಳ್ಳೆಯದು ಅಂತ ಅಳೆಯುವುದು ಹೇಗೆ?

ಅಳೆಯುವುದು ಯೋಗವನ್ನಲ್ಲ, ಆಸನವನ್ನು. ಪ್ರಾಣಾಯಾಮ, ಧ್ಯಾನ ಯಾವುದಕ್ಕೂ ಇಲ್ಲಿ ಮಾರ್ಕಿಲ್ಲ. ಮಗು ಚಾಪೆಯ ಮೇಲೆ ಬಂದು ಹೇಳಿದ ಆಸನವನ್ನು ಮಾಡಬೇಕು, ಹೇಳಿದಷ್ಟು ಹೊತ್ತು ಅಲುಗಾಡದೆ ನಿಲ್ಲಬೇಕು, ಆಮೇಲೆ ನಿಧಾನಕ್ಕೆ ಹೊರಬರಬೇಕು. ಈ ಮೂರನ್ನೂ ಕಣ್ಣಿನಿಂದ ನೋಡಿ ಮಾರ್ಕು ಹಾಕುತ್ತಾರೆ.

ಯೋಗಾಸನವನ್ನು ಸ್ಪರ್ಧಾತ್ಮಕ ಕ್ರೀಡೆ ಎಂದು ಕೇಂದ್ರ ಸರ್ಕಾರ ಮಾನ್ಯ ಮಾಡಿದ್ದು 2020ರ ಡಿಸೆಂಬರ್‌ನಲ್ಲಿ. 2022ರಲ್ಲಿ ಹರಿಯಾಣದಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಗತ್ಕಾ, ಕಳರಿಪಯಟ್ಟು, ಮಲ್ಲಕಂಬಗಳ ಜೊತೆ ಅದೂ ಇತ್ತು. ಶಾಲಾ ಮಟ್ಟದಲ್ಲಿ ಅದಕ್ಕಿಂತ ಎಷ್ಟೋ ಮೊದಲಿನಿಂದ ಯೋಗಾಸನ ಸ್ಪರ್ಧೆಗಳು ನಡೆಯುತ್ತಾ ಬಂದಿವೆ. ನಮ್ಮಲ್ಲಿ ಮಕ್ಕಳು ಉಪಜಿಲ್ಲೆಯಿಂದ ರೆವಿನ್ಯೂ ಜಿಲ್ಲೆಗೆ, ಅಲ್ಲಿಂದ ರಾಜ್ಯಕ್ಕೆ ಹೋಗುತ್ತಾರೆ.

ಸರ್ಕ್ಯುಲರ್ ಮಲಯಾಳದಲ್ಲಿ ಬಂದಿದೆ, ನಮಗೆ ಓದಲಿಕ್ಕೆ ಬರುವುದಿಲ್ಲ. ಅದರಲ್ಲಿ ಮುಖ್ಯವಾಗಿ ಎಂತ ನೋಡಬೇಕು?

ಶಾಲೆಯ ಪಿ.ಇ.ಟಿ. ಮಾಷ್ಟ್ರ ಹತ್ತಿರವೋ ಮಲಯಾಳ ಟೀಚರ್ ಹತ್ತಿರವೋ ಕೂತು ನಾಲ್ಕು ಸಂಗತಿಗಳನ್ನು ಕನ್ನಡದಲ್ಲಿ ಬರೆದುಕೊಳ್ಳಿ. ಒಂದು, ವಯೋಮಿತಿ ಯಾವ ದಿನಾಂಕಕ್ಕೆ ಲೆಕ್ಕ. ಎರಡು, ಕಡ್ಡಾಯ ಆಸನಗಳ ಹೆಸರು. ಮೂರು, ಮಗು ತಾನೇ ಆರಿಸಿಕೊಳ್ಳಬೇಕಾದ ಐಚ್ಛಿಕ ಆಸನಗಳು ಎಷ್ಟು, ಯಾವ ಪಟ್ಟಿಯಿಂದ. ನಾಲ್ಕು, ಒಂದೊಂದು ಆಸನದಲ್ಲಿ ಎಷ್ಟು ಸೆಕೆಂಡು ನಿಲ್ಲಬೇಕು.

ಈ ನಾಲ್ಕನೆಯದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ನಿಲ್ಲುವ ಸಮಯ ಎಲ್ಲ ಸ್ಪರ್ಧೆಗಳಲ್ಲಿ ಒಂದೇ ಅಲ್ಲ. ನಡೆಸುವ ಸಂಸ್ಥೆ, ವಯಸ್ಸಿನ ಗುಂಪು, ಸುತ್ತು ಇವುಗಳ ಮೇಲೆ ಅದು ಬದಲಾಗುತ್ತದೆ. ಊರಿನ ಕ್ಲಬ್ಬಿನವರು ಮಾಡಿದ ಸ್ಪರ್ಧೆಯಲ್ಲಿ ಹದಿನೈದು ಸೆಕೆಂಡು ನಿಂತು ಬಹುಮಾನ ತಂದ ಮಗು, ಮುಂದಿನ ಸ್ಪರ್ಧೆಯಲ್ಲಿ ಅದರ ಎರಡು ಪಟ್ಟು ನಿಲ್ಲಬೇಕಾಗಿ ಬಂದಾಗ ಕಾಲು ನಡುಗಿ ಇಳಿಯುವುದನ್ನು ನಾನು ಸಾಕಷ್ಟು ನೋಡಿದ್ದೇನೆ. ಮಗುವಿನ ಆಸನದಲ್ಲಿ ಕೊರತೆ ಇರಲಿಲ್ಲ, ಮನೆಯವರಿಗೆ ಗೊತ್ತಿದ್ದ ಸಂಖ್ಯೆ ತಪ್ಪಾಗಿತ್ತು.

ಆಸನಗಳ ಹೆಸರಿನಲ್ಲಿಯೂ ಜಾಗ್ರತೆ ಬೇಕು. ಒಂದೇ ಹೆಸರಿಗೆ ಎರಡು ಶಾಲೆಗಳಲ್ಲಿ ಎರಡು ರೂಪ ಇರುವುದುಂಟು. ಸರ್ಕ್ಯುಲರ್ ಜೊತೆ ಚಿತ್ರಗಳಿದ್ದರೆ ಅವನ್ನು ತಪ್ಪದೆ ತೆಗೆದುಕೊಳ್ಳಿ. ತೀರ್ಪುಗಾರರು ಹೋಲಿಸಿ ನೋಡುವುದು ಆ ಚಿತ್ರದ ಜೊತೆಗೆ, ನಿಮ್ಮ ಕ್ಲಾಸಿನಲ್ಲಿ ಕಲಿಸಿದ್ದರ ಜೊತೆಗಲ್ಲ.

ಮೇಜಿನ ಹಿಂದೆ ಅಷ್ಟು ಜನ ಕೂತಿರುತ್ತಾರಲ್ಲ, ಎಲ್ಲರೂ ಮಾರ್ಕು ಹಾಕುತ್ತಾರಾ?

ಇಲ್ಲ. ಮಾರ್ಕು ಹಾಕುವವರು ಸಾಮಾನ್ಯವಾಗಿ ಐದು ಮಂದಿ. ಅವರು ಒಬ್ಬರನ್ನೊಬ್ಬರು ಕೇಳದೆ ತಮ್ಮಷ್ಟಕ್ಕೆ ಬರೆಯುತ್ತಾರೆ. ಸ್ಟಾಪ್‌ವಾಚ್ ಹಿಡಿದವರು ಸಮಯಪಾಲಕರು. ಅಂಕಗಳನ್ನು ಕೂಡಿಸುವವರು ಸ್ಕೋರರ್. ಎಲ್ಲದಕ್ಕೂ ಮೇಲೆ ಒಬ್ಬರು ಮುಖ್ಯ ತೀರ್ಪುಗಾರರು. ಆಸನ ಶುರು ಮಾಡಲು ಹೇಳುವುದು, ತಕರಾರು ಬಂದರೆ ತೀರ್ಮಾನ ಕೊಡುವುದು ಅವರ ಕೆಲಸ. ಸಣ್ಣ ಸ್ಪರ್ಧೆಗಳಲ್ಲಿ ಮೂವರೇ ಇರಬಹುದು, ಆಗ ಒಬ್ಬರೇ ಎರಡು ಕೆಲಸ ಮಾಡಬೇಕಾಗುತ್ತದೆ.

ಐವರು ಇದ್ದಲ್ಲಿ ಅತಿ ಹೆಚ್ಚಿನ ಒಂದು ಅಂಕ ಮತ್ತು ಅತಿ ಕಡಿಮೆಯ ಒಂದು ಅಂಕವನ್ನು ಬಿಟ್ಟು ನಡುವಿನ ಮೂರರ ಸರಾಸರಿ ತೆಗೆಯುವುದು ರೂಢಿ. “ಆ ಕೊನೆಯಲ್ಲಿ ಕೂತವರಿಗೆ ನಮ್ಮ ಮಗಳ ಮೇಲೆ ಕೋಪ” ಎಂದು ಹೇಳುವ ಅಮ್ಮಂದಿರಿಗೆ ನಾನು ಇದನ್ನೇ ಹೇಳುವುದು. ಒಬ್ಬರೇ ತೀರ ಕಡಿಮೆ ಹಾಕಿದ್ದರೆ ಅದು ಲೆಕ್ಕಕ್ಕೇ ಬಂದಿರುವುದಿಲ್ಲ.

ಮೈಗೆ ಅಂಟಿಕೊಳ್ಳುವ ಬಟ್ಟೆಯೇ ಆಗಬೇಕಾ? ಚೂಡಿದಾರದಲ್ಲಿ ಮಾಡಿದರೆ ಆಗುವುದಿಲ್ಲವಾ?

ನಿಯಮದಲ್ಲಿ ಏನಿದೆಯೋ ಅದೇ ಆಗಬೇಕು. ಹೆಚ್ಚಿನ ಕಡೆ ಮೈಗೆ ಹೊಂದುವ ಉಡುಪನ್ನೇ ಹೇಳಿರುತ್ತಾರೆ. ಕಾರಣ ಸರಳ: ಮಂಡಿ ನೆಟ್ಟಗಿದೆಯೋ ಇಲ್ಲವೋ, ಸೊಂಟ ಒಂದು ಕಡೆಗೆ ವಾಲಿದೆಯೋ ಎಂಬುದು ಸಡಿಲ ಬಟ್ಟೆಯಲ್ಲಿ ಕಾಣುವುದಿಲ್ಲ. ಕಾಣದ್ದಕ್ಕೆ ಪೂರ್ತಿ ಮಾರ್ಕು ಹಾಕಲು ಯಾರಿಗೂ ಧೈರ್ಯ ಬರುವುದಿಲ್ಲ. ಕೂದಲನ್ನು ಬಿಗಿಯಾಗಿ ಕಟ್ಟಿ ಕಳಿಸಿ. ಬಳೆ, ಸರ, ಕಾಲ್ಗೆಜ್ಜೆ ಬೇಡ. ಕೈಕಾಲಿಗೆ ಎಣ್ಣೆ ಹಚ್ಚಿ ಬರುವುದಂತೂ ಖಂಡಿತ ಬೇಡ, ಹಿಡಿದ ಪಾದ ಜಾರುತ್ತದೆ.

## ಒಂದು ಆಸನದ ಮಾರ್ಕು ಎಲ್ಲಿಂದ ಬರುತ್ತದೆ

ನಮಗೆ ನೋಡುವಾಗ ಎಲ್ಲ ಮಕ್ಕಳದ್ದೂ ಒಂದೇ ತರ ಕಾಣುತ್ತದೆ. ಅವರಿಗೆ ಎಂತ ವ್ಯತ್ಯಾಸ ಕಾಣುವುದು?

ಪಶ್ಚಿಮೋತ್ತಾನಾಸನವನ್ನೇ ತೆಗೆದುಕೊಳ್ಳೋಣ. ಕಾಲು ಚಾಚಿ ಕೂತು ಮುಂದೆ ಬಾಗುವ ಆಸನ, ಚಿಕ್ಕ ಮಕ್ಕಳಿಗೆ ಸುಲಭವಾಗಿ ಬರುವಂಥದ್ದು. ಹೊರಗಿನಿಂದ ನೋಡುವವರು ತಲೆ ಮಂಡಿಗೆ ಮುಟ್ಟಿತೇ ಎಂದು ನೋಡುತ್ತಾರೆ. ತೀರ್ಪುಗಾರರು ಮೊದಲು ನೋಡುವುದು ಮಂಡಿಯ ಹಿಂಬದಿ ನೆಲಕ್ಕೆ ಒತ್ತಿದೆಯೇ ಎಂದು. ತಲೆ ಮುಟ್ಟಿಸಲು ಮಗು ಮಂಡಿಯನ್ನು ಒಂದಿಷ್ಟು ಎತ್ತಿದ್ದರೆ ಆಸನದ ಬುಡವೇ ಸಡಿಲವಾಯಿತು. ಆಮೇಲೆ ಬಾಗಿದ್ದು ಸೊಂಟದ ಕೀಲಿನಿಂದಲೋ ಬೆನ್ನನ್ನು ಗೂನು ಮಾಡಿಯೋ ಎಂದು ನೋಡುತ್ತಾರೆ. ಸೊಂಟದಿಂದ ಬಾಗಿದ ಮಗುವಿನ ಹೊಟ್ಟೆ, ಎದೆ, ಹಣೆ ಕ್ರಮವಾಗಿ ಕಾಲಿನ ಮೇಲೆ ಮಲಗುತ್ತವೆ. ಬೆನ್ನು ಗೂನು ಮಾಡಿದ ಮಗುವಿನ ಹಣೆ ಮುಟ್ಟಿದರೂ ಹೊಟ್ಟೆ ಮತ್ತು ತೊಡೆಯ ನಡುವೆ ಜಾಗ ಉಳಿಯುತ್ತದೆ. ಬದಿಯಿಂದ ನೋಡಿದರೆ ಆ ಜಾಗ ಒಡೆದು ಕಾಣುತ್ತದೆ. ಇನ್ನು ಹಿಮ್ಮಡಿಗಳು ಕೂಡಿವೆಯೇ, ಪಾದಗಳು ಹೊರಕ್ಕೆ ತೆರೆದಿವೆಯೇ, ಮೊಣಕೈ ನೆಲಕ್ಕೆ ಇಳಿದಿದೆಯೇ ಎಂಬುದು.

ಮುಖವನ್ನೂ ನೋಡುತ್ತಾರೆ. ಹಲ್ಲು ಕಚ್ಚುವುದು, ತುಟಿ ಬಿಗಿಯುವುದು, ಉಸಿರು ಕಟ್ಟಿ ಕೆನ್ನೆ ಉಬ್ಬಿಸುವುದು ಇವೆಲ್ಲ ಮಗು ತನ್ನ ಮಿತಿ ಮೀರಿ ಒತ್ತಾಯ ಮಾಡುತ್ತಿದೆ ಎಂಬುದರ ಗುರುತು. ನಗುಮುಖ ಬೇಕೆಂದೇನಿಲ್ಲ, ಸಹಜವಾಗಿದ್ದರೆ ಸಾಕು.

ಆಸನಕ್ಕೆ ಹೋಗುವುದಕ್ಕೂ ಬರುವುದಕ್ಕೂ ಮಾರ್ಕು ಉಂಟಾ? ಕೊನೆಯ ಭಂಗಿಗೆ ಮಾತ್ರ ಅಂತ ತಿಳಿದಿದ್ದೆವು.

ಉಂಟು. ದೊಡ್ಡ ಪಾಲು ಅಂತಿಮ ಸ್ಥಿತಿಗೆ ಮತ್ತು ಅದರಲ್ಲಿ ನಿಲ್ಲುವುದಕ್ಕೆ ಹೋಗುತ್ತದೆ ಎಂಬುದು ನಿಜ. ಆದರೆ ಎಳೆದುಕೊಂಡು, ಎರಡು ಮೂರು ಸಲ ಕಾಲು ಹಿಡಿಯಲು ತಡಕಾಡಿ ಒಳಗೆ ಹೋದರೆ ಅಲ್ಲೇ ಸ್ವಲ್ಪ ಕಳೆಯುತ್ತಾರೆ. ಹೊರಬರುವಾಗ ಕಾಲನ್ನು ದಪ್ಪೆಂದು ಬಿಟ್ಟರೆ ಮತ್ತೆ ಸ್ವಲ್ಪ. ಹೋದ ದಾರಿಯಲ್ಲೇ ಹಿಂದೆ ಬರಬೇಕು.

ಇದು ಮಕ್ಕಳು ಮಾರ್ಕು ಕಳೆದುಕೊಳ್ಳುವ ಅತ್ಯಂತ ವ್ಯರ್ಥದ ಜಾಗ ಎಂದು ನನ್ನ ಅಭಿಪ್ರಾಯ. ಮೈ ಬಾಗುವುದಕ್ಕೆ ತಿಂಗಳುಗಟ್ಟಲೆ ಬೇಕು, ನಿಧಾನಕ್ಕೆ ಇಳಿಯುವುದನ್ನು ಕಲಿಯಲು ಅಷ್ಟು ಬೇಡ. ವಿಸಿಲ್ ಕೇಳಿದ ತಕ್ಷಣ ‘ಮುಗಿಯಿತು’ ಎಂದು ಮನಸ್ಸು ಸಡಿಲಾಗುವುದರಿಂದಲೇ ಕಾಲು ಬೀಳುವುದು. ಮನೆಯಲ್ಲಿ ಅಭ್ಯಾಸ ಮಾಡಿಸುವಾಗ ಸಮಯ ಮುಗಿದ ಮೇಲೆ ಐದು ಎಣಿಸುವಷ್ಟರಲ್ಲಿ ಇಳಿಯಲು ಹೇಳಿ.

ವಾಚು ಶುರು ಆಗುವುದು ಯಾವಾಗ? ನಮ್ಮ ಮಗ ಪೂರ್ತಿ ಸಮಯ ನಿಂತಿದ್ದ, ಆದರೂ ಸಮಯ ಸಾಲಲಿಲ್ಲ ಅಂದರು.

ಮಗು ಆಸನಕ್ಕೆ ಹೊರಟಾಗ ವಾಚು ಶುರುವಾಗುವುದಿಲ್ಲ. ಅಂತಿಮ ಸ್ಥಿತಿಗೆ ಮುಟ್ಟಿ, ಕೊನೆಯ ಅಂಗವೂ ನಿಂತ ಮೇಲೆ ಶುರು. ನಿಮ್ಮ ಮಗ ಕಾಲು ಎತ್ತಿದ ಕ್ಷಣದಿಂದ ನೀವು ಎಣಿಸಿರುತ್ತೀರಿ, ಸಮಯಪಾಲಕರು ಕೈ ಪಾದವನ್ನು ಹಿಡಿದು ಮಂಡಿ ನೆಟ್ಟಗಾದ ಮೇಲೆ ಎಣಿಸಿರುತ್ತಾರೆ. ಈ ಎರಡರ ನಡುವೆ ಐದಾರು ಸೆಕೆಂಡು ಸುಲಭವಾಗಿ ಹೋಗುತ್ತದೆ.

ಇನ್ನೊಂದು ಸಂಗತಿ, ಮಕ್ಕಳು ಒಳಗೊಳಗೇ ಎಣಿಸುತ್ತಾರೆ. ಗಾಬರಿಯಲ್ಲಿ ಎಣಿಕೆ ಓಡುತ್ತದೆ. ಮೂವತ್ತು ಎಣಿಸಿ ಮುಗಿಸುವಾಗ ವಾಚಿನಲ್ಲಿ ಇಪ್ಪತ್ತೆರಡು ಇರಬಹುದು. ಆದ್ದರಿಂದ ಒಂದು ಮಾತು ಅಚ್ಚೊತ್ತಿದಂತೆ ಹೇಳಿಕೊಡಿ: ನೀನು ಎಣಿಸಬೇಡ, ಅವರು ಸೂಚನೆ ಕೊಡುವ ತನಕ ಇಳಿಯಬೇಡ. ಸೂಚನೆ ವಿಸಿಲ್ಲೋ, ಗಂಟೆಯೋ, ಬಾಯಿ ಮಾತೋ ಎಂಬುದನ್ನು ಸ್ಪರ್ಧೆಗೆ ಮೊದಲು ಕೋಚ್ ಮೂಲಕ ಕೇಳಿ ತಿಳಿದುಕೊಳ್ಳಿ. ಬಾಯಿ ಮಾತಾದರೆ ಅದು ಮಲಯಾಳದಲ್ಲಿ ಇರುತ್ತದೆ. ಕನ್ನಡ ಮಾಧ್ಯಮದ ಚಿಕ್ಕ ಮಕ್ಕಳಿಗೆ ‘ಶುರು’, ‘ಸಾಕು’ ಎಂಬ ಎರಡು ಆಜ್ಞೆಗಳನ್ನಾದರೂ ಮಲಯಾಳದಲ್ಲಿ ಕೇಳಿಸಿ ಅಭ್ಯಾಸ ಮಾಡಿಸಬೇಕು.

ಮನೆಯಲ್ಲಿ ಅಭ್ಯಾಸದ ಸಮಯ ಸ್ಪರ್ಧೆಯದ್ದಕ್ಕಿಂತ ಸ್ವಲ್ಪ ಹೆಚ್ಚಿರಲಿ. ಮೂವತ್ತು ಸೆಕೆಂಡು ಬೇಕಿದ್ದರೆ ನಲವತ್ತು ನಿಲ್ಲಲು ಬರಬೇಕು. ಮೂವತ್ತೈದನೇ ಸೆಕೆಂಡಿಗೆ ನಡುಕ ಬಂದರೆ ಪರವಾಗಿಲ್ಲ, ಅದು ತೀರ್ಪುಗಾರರ ಕಣ್ಣಿಗೆ ಬೀಳುವುದಿಲ್ಲ.

ಸ್ವಲ್ಪ ಅಲುಗಾಡಿದರೂ ಮಾರ್ಕು ಹೋಗುತ್ತದಾ?

ಎಲ್ಲ ಅಲುಗಾಟವೂ ಒಂದೇ ಅಲ್ಲ. ಒಂಟಿ ಕಾಲಿನಲ್ಲಿ ನಿಂತಾಗ ಪಾದದ ಗಂಟು ಸಣ್ಣದಾಗಿ ಆಚೀಚೆ ಸರಿದಾಡುತ್ತಲೇ ಇರುತ್ತದೆ. ಅದು ತೂಕವನ್ನು ಸರಿಮಾಡಿಕೊಳ್ಳುವ ಮೈಯ ಕೆಲಸ, ದೊಡ್ಡವರಲ್ಲಿಯೂ ಇರುತ್ತದೆ. ಅನುಭವಿ ತೀರ್ಪುಗಾರರು ಅದಕ್ಕೆ ಮಾರ್ಕು ಕಳೆಯುವುದಿಲ್ಲ.

ಅದಕ್ಕಿಂತ ಮೇಲಿನದು ಮೈ ಮೇಲ್ಭಾಗದ ಓಲಾಟ ಮತ್ತು ಕೈ ಬೀಸಿ ಸಮ ಮಾಡಿಕೊಳ್ಳುವುದು. ಇದು ಎಲ್ಲರಿಗೂ ಕಾಣುತ್ತದೆ, ಮಾರ್ಕು ಹೋಗುತ್ತದೆ. ಇನ್ನೂ ಮೇಲಿನದು ನಿಂತ ಪಾದ ಜಾಗ ಬಿಟ್ಟು ಜಿಗಿಯುವುದು. ಕೊನೆಯದು ಎತ್ತಿದ ಕಾಲು ನೆಲಕ್ಕೆ ಮುಟ್ಟುವುದು, ಅಥವಾ ಹಿಡಿದದ್ದು ಬಿಟ್ಟುಹೋಗುವುದು. ಆಗ ಆ ಆಸನ ಮುರಿದ ಹಾಗೆ. ಎಷ್ಟೋ ಸ್ಪರ್ಧೆಗಳಲ್ಲಿ ಇನ್ನೊಂದು ಪ್ರಯತ್ನಕ್ಕೆ ಅವಕಾಶ ಕೊಡುತ್ತಾರೆ, ಆದರೆ ಅಂಕ ಕಡಿತದೊಂದಿಗೆ. ನಿಮ್ಮ ಸ್ಪರ್ಧೆಯಲ್ಲಿ ಆ ಅವಕಾಶ ಇದೆಯೋ ಎಂಬುದನ್ನು ಮೊದಲೇ ಕೇಳಿಡಿ. ಇದ್ದರೆ ಬಿದ್ದ ಮಗು ಅಳುತ್ತಾ ಚಾಪೆ ಬಿಟ್ಟು ಬರಬಾರದು, ಅಲ್ಲೇ ನಿಂತು ಮುಖ್ಯ ತೀರ್ಪುಗಾರರ ಸೂಚನೆಗೆ ಕಾಯಬೇಕು.

ಮನೆಯಲ್ಲಿ ಚೆನ್ನಾಗಿ ನಿಲ್ಲುತ್ತಾಳೆ, ಅಲ್ಲಿ ಹೋದರೆ ನಡುಗುತ್ತಾಳೆ. ಹೆದರಿಕೆಯಾ?

ಹೆದರಿಕೆಯೂ ಇರಬಹುದು, ಆದರೆ ಎಲ್ಲದಕ್ಕೂ ಹೆದರಿಕೆ ಎಂದು ಹೇಳಿ ಬಿಡಬೇಡಿ. ನಾನು ಮೊದಲು ಕೇಳುವುದು, ಮನೆಯಲ್ಲಿ ಯಾವುದರ ಮೇಲೆ ನಿಲ್ಲುತ್ತಾಳೆ ಎಂದು. ನಮ್ಮ ಮನೆಗಳಲ್ಲಿ ರೆಡ್ ಆಕ್ಸೈಡ್ ಅಥವಾ ಟೈಲ್ಸ್ ನೆಲ, ಅದರ ಮೇಲೆ ತೆಳು ಚಾಪೆ. ಸ್ಪರ್ಧೆಯಲ್ಲಿ ಕೆಲವೊಮ್ಮೆ ದಪ್ಪ ಫೋಮ್ ಮ್ಯಾಟ್ ಹಾಕಿರುತ್ತಾರೆ. ಗಟ್ಟಿ ನೆಲದಲ್ಲಿ ಅಂಗಾಲು ಎಲ್ಲಿ ಒತ್ತಿದೆ ಎಂಬ ಸುದ್ದಿ ಪಾದಕ್ಕೆ ಸ್ಪಷ್ಟವಾಗಿ ಬರುತ್ತದೆ. ಮೆತ್ತಗಿನದರಲ್ಲಿ ಪಾದ ಹೂತು ಆ ಸುದ್ದಿ ಮಸುಕಾಗುತ್ತದೆ, ಪಾದದ ಗಂಟು ಎರಡರಷ್ಟು ದುಡಿಯಬೇಕಾಗುತ್ತದೆ. ಹಾಸಿಗೆಯ ಮೇಲೆ ಒಂಟಿ ಕಾಲಿನಲ್ಲಿ ನಿಂತು ನೋಡಿದರೆ ನಿಮಗೇ ತಿಳಿಯುತ್ತದೆ. ವಾರದಲ್ಲಿ ಎರಡು ದಿನ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಅಭ್ಯಾಸ ಮಾಡಿಸಿ.

ಎರಡನೆಯದು ಕಣ್ಣು. ಸಮತೋಲನಕ್ಕೆ ಪಾದದಷ್ಟೇ ಕಣ್ಣೂ ಬೇಕು. ಮನೆಯಲ್ಲಿ ಮಗಳು ಗೋಡೆಯ ಕ್ಯಾಲೆಂಡರ್ ನೋಡಿ ನಿಂತಿರುತ್ತಾಳೆ. ಹಾಲ್‌ನಲ್ಲಿ ಎದುರಿಗೆ ಜನ ಓಡಾಡುತ್ತಾರೆ, ಆ ಜನರನ್ನು ನೋಡಿದರೆ ಮೈಯೂ ಅವರ ಜೊತೆ ಹೋಗುತ್ತದೆ. ಚಾಪೆಗೆ ಬಂದ ಕೂಡಲೇ ಅಲುಗಾಡದ ಒಂದು ಬಿಂದುವನ್ನು ಹುಡುಕಿಕೊಳ್ಳಲು ಕಲಿಸಿ: ಕಿಟಕಿಯ ಮೂಲೆ, ಕಂಬದ ಗುರುತು, ಏನೂ ಸಿಗದಿದ್ದರೆ ನೆಲದ ಮೇಲಿನ ಗೆರೆ. ಮತ್ತೆ ನೀವು, ಹೆತ್ತವರು, ಎದುರಿಗೆ ನಿಂತು ಮೊಬೈಲ್ ಎತ್ತಿ ವೀಡಿಯೋ ಮಾಡಬೇಡಿ. ಮಗುವಿನ ಕಣ್ಣು ನಿಮ್ಮ ಕಡೆಗೇ ಬರುತ್ತದೆ.

ನಮ್ಮ ಕರಾವಳಿಯ ಸೆಕೆಯನ್ನು ಮರೆಯುವ ಹಾಗಿಲ್ಲ. ಬೆವರಿದ ಅಂಗೈಯಲ್ಲಿ ಪಾದ ಹಿಡಿದರೆ ಜಾರುತ್ತದೆ. ಸಣ್ಣ ಬೈರಾಸು ಜೊತೆಗಿರಲಿ, ಸರದಿ ಬರುವ ಮುಂಚೆ ಅಂಗೈ, ಅಂಗಾಲು, ಪಾದದ ಮೇಲ್ಭಾಗ ಒರೆಸಿ ಕಳಿಸಿ.

## ಲೆಕ್ಕಕ್ಕೆ ಇಳಿಯುವವರಿಗೆ

ಒಂದು ಸಣ್ಣ ಜಿಗಿತಕ್ಕೆ ಸ್ಥಾನ ಹೋಯಿತು ಅಂದರೆ ನಂಬಲಿಕ್ಕೆ ಆಗುವುದಿಲ್ಲ. ಒಮ್ಮೆ ಲೆಕ್ಕ ಬಿಡಿಸಿ ಹೇಳುತ್ತೀರಾ?

ಹೇಳುತ್ತೇನೆ. ಹದಿನಾಲ್ಕರ ಒಳಗಿನ ವಿಭಾಗದ ಒಬ್ಬ ಹುಡುಗಿ ಎಂದು ಇಟ್ಟುಕೊಳ್ಳೋಣ. ಐದು ಆಸನ, ಒಂದೊಂದಕ್ಕೆ ಹತ್ತು ಮಾರ್ಕು, ಮೂವತ್ತು ಸೆಕೆಂಡು ನಿಲ್ಲಬೇಕು, ಐವರು ತೀರ್ಪುಗಾರರು. ನಾಲ್ಕನೆಯದು ನಟರಾಜಾಸನ: ಒಂದು ಕಾಲಿನ ಮೇಲೆ ನಿಂತು, ಇನ್ನೊಂದು ಕಾಲನ್ನು ಹಿಂದಿನಿಂದ ಎತ್ತಿ, ಎರಡೂ ಕೈಗಳನ್ನು ತಲೆಯ ಮೇಲಿನಿಂದ ತಂದು ಪಾದ ಹಿಡಿಯುವುದು.

ಹುಡುಗಿ ಚೆನ್ನಾಗಿಯೇ ಹೋದಳು. ಪಾದ ಹಿಡಿದಳು, ನಿಂತ ಮಂಡಿ ನೆಟ್ಟಗೆ, ವಾಚು ಶುರು. ಹನ್ನೊಂದನೇ ಸೆಕೆಂಡಿಗೆ ನಿಂತ ಪಾದ ಒಮ್ಮೆ ಜಿಗಿಯಿತು, ಹಿಡಿತ ಬಿಡಲಿಲ್ಲ. ಇಪ್ಪತ್ತೆರಡಕ್ಕೆ ನಿಂತ ಮಂಡಿ ಸ್ವಲ್ಪ ಸಡಿಲವಾಗಿ ಬಾಗಿತು. ಮೂವತ್ತು ಮುಗಿಸಿದಳು, ಕಾಲನ್ನು ಬೇಗ ಇಳಿಸಿದಳು.

ಐವರ ಅಂಕ: 7.5, 7.0, 7.5, 8.0, 6.5. ಮೇಲಿನ 8.0 ಮತ್ತು ಕೆಳಗಿನ 6.5 ಬಿಟ್ಟರೆ ಉಳಿದದ್ದು 7.5, 7.0, 7.5. ಒಟ್ಟು 22, ಮೂರರಿಂದ ಭಾಗಿಸಿದರೆ 7.33.

ಉಳಿದ ನಾಲ್ಕು ಆಸನಗಳಲ್ಲಿ ಅವಳಿಗೆ ಬಂದದ್ದು 8.83, 8.50, 8.67, 8.17 ಎಂದಿಟ್ಟುಕೊಳ್ಳಿ. ಎಲ್ಲ ಸೇರಿಸಿದರೆ 41.50. ಮೂರನೇ ಸ್ಥಾನ ಪಡೆದ ಹುಡುಗಿಯದ್ದು 41.83. ಇವಳು ನಾಲ್ಕನೆಯವಳು.

ಈಗ ಆ ಜಿಗಿತವನ್ನು ಮಾತ್ರ ತೆಗೆದು ನೋಡೋಣ. ಅದಕ್ಕೆ ಪ್ರತಿಯೊಬ್ಬರೂ ಅರ್ಧ ಮಾರ್ಕು ಕಳೆದಿದ್ದರು ಎಂದರೆ ಅಂಕಗಳು 8.0, 7.5, 8.0, 8.5, 7.0 ಆಗುತ್ತಿದ್ದವು. ನಡುವಿನ ಮೂರರ ಸರಾಸರಿ 7.83. ಒಟ್ಟು 42.00, ಮೂರನೇ ಸ್ಥಾನ ಇವಳದ್ದು. ಬಾಗಿದ ಮಂಡಿ, ಅವಸರದ ಇಳಿತ ಎರಡೂ ಹಾಗೆಯೇ ಇದ್ದರೂ ಸಹ.

ಎಲ್ಲರೂ ಕಂಡ ತಪ್ಪಿಗೆ ಎಲ್ಲರೂ ಕಳೆಯುತ್ತಾರೆ, ಆದ್ದರಿಂದ ಅತಿ ಹೆಚ್ಚು, ಅತಿ ಕಡಿಮೆ ಬಿಡುವ ಪದ್ಧತಿ ಅಲ್ಲಿ ಮಗುವನ್ನು ಕಾಪಾಡುವುದಿಲ್ಲ. ಆ ಪದ್ಧತಿ ಕಾಪಾಡುವುದು ಒಬ್ಬರಿಗೆ ಮಾತ್ರ ಕಂಡ ತಪ್ಪಿನಿಂದ. ಒಂದು ಬದಿಯಿಂದ ಮಾತ್ರ ಕಾಣುವ ಬಾಗಿದ ಮೊಣಕೈಯಂಥದ್ದರಿಂದ ಆಗುವ ನಷ್ಟ ಹೆಚ್ಚಾಗಿ ಹೀಗೆ ಬಿಟ್ಟುಹೋಗುತ್ತದೆ.

ಕಷ್ಟದ ಆಸನ ಮಾಡಿದರೆ ಹೆಚ್ಚು ಮಾರ್ಕು ಅಲ್ಲವಾ? ಬೇರೆ ಮಕ್ಕಳು ವೃಶ್ಚಿಕಾಸನ ಎಲ್ಲ ಮಾಡುತ್ತಾರೆ.

ಕಡ್ಡಾಯ ಆಸನಗಳಲ್ಲಿ ಈ ಪ್ರಶ್ನೆಯೇ ಇಲ್ಲ, ಎಲ್ಲರಿಗೂ ಒಂದೇ. ಐಚ್ಛಿಕದಲ್ಲಿ ಕೆಲವು ಸ್ಪರ್ಧೆಗಳು ಕಷ್ಟಕ್ಕೆ ತಕ್ಕ ತೂಕ ಕೊಡುತ್ತವೆ. ಸುಲಭದ ಆಸನದ ಮಾರ್ಕನ್ನು 1ರಿಂದ, ಕಷ್ಟದ್ದನ್ನು 1.2ರಿಂದ ಗುಣಿಸುತ್ತಾರೆ ಎಂದುಕೊಳ್ಳಿ. ಸುಲಭದ್ದರಲ್ಲಿ ಮಗುವಿಗೆ 9 ಬಂದರೆ 9. ಕಷ್ಟದ್ದರಲ್ಲಿ ನಡುಗಿ 7 ಬಂದರೆ 8.4. ಕಷ್ಟದ ಆಸನ ಸರಿಸಮ ಆಗಬೇಕಾದರೆ ಕನಿಷ್ಠ 7.5 ಬರಬೇಕು, ಲಾಭ ಆಗಬೇಕಾದರೆ ಅದಕ್ಕಿಂತ ಹೆಚ್ಚು. ನಿಮ್ಮ ಸ್ಪರ್ಧೆಯ ಗುಣಕ ಎಷ್ಟೆಂದು ಸರ್ಕ್ಯುಲರ್‌ನಲ್ಲಿ ನೋಡಿ ಇದೇ ಲೆಕ್ಕ ಹಾಕಿ.

ಗುಣಕವೇ ಇಲ್ಲದ ಸ್ಪರ್ಧೆಯಲ್ಲಿ ನಡುಗುವ ವೃಶ್ಚಿಕಾಸನಕ್ಕಿಂತ ನಿಶ್ಚಲವಾದ ಧನುರಾಸನವೇ ಮೇಲು. ಚಪ್ಪಾಳೆ ಬೀಳುವುದು ವೃಶ್ಚಿಕಾಸನಕ್ಕೆ, ಅದು ಬೇರೆ ವಿಚಾರ.

ಹಿಂದಕ್ಕೆ ಬಾಗುವ ಆಸನಗಳ ವಿಷಯದಲ್ಲಿ ನಾನು ಕಟ್ಟುನಿಟ್ಟು. ಬಾಗುವಾಗ ಸೊಂಟದ ಕೆಳಬೆನ್ನಿನಲ್ಲಿ ಚುಚ್ಚಿದ ಹಾಗೆ ಆಗುತ್ತದೆ ಎಂದು ಮಗು ಹೇಳಿದರೆ, ಅಥವಾ ಆ ನೋವು ಮರುದಿನವೂ ಉಳಿದರೆ, ಆ ಆಸನ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ತೊಡೆ, ಭುಜದ ಸ್ನಾಯು ಎಳೆಯುವುದು ಬೇರೆ, ಬೆನ್ನುಹುರಿಯ ಹತ್ತಿರ ಚುಚ್ಚುವುದು ಬೇರೆ. ಬೆಳೆಯುವ ಮಕ್ಕಳಲ್ಲಿ ಪದೇ ಪದೇ ಹಿಂದಕ್ಕೆ ಬಾಗುವುದರಿಂದ ಬೆನ್ನೆಲುಬಿನಲ್ಲಿ ಒತ್ತಡದ ಬಿರುಕು ಬರುವ ಅಪಾಯ ನಿಜವಾಗಿ ಇದೆ. ಯಾರಾದರೂ ಮಗುವಿನ ಬೆನ್ನ ಮೇಲೆ ಕೂತು ಒತ್ತಿ ಬಗ್ಗಿಸುತ್ತಿದ್ದರೆ ಅಲ್ಲಿಂದ ಕರೆದುಕೊಂಡು ಬನ್ನಿ.

ಯಾವ ಕಡೆಗೆ ಮುಖ ಮಾಡಿ ಆಸನ ಮಾಡಬೇಕು? ಇದನ್ನು ಯಾರೂ ಹೇಳುವುದಿಲ್ಲ.

ಆಸನದ ಗೆರೆ ಎಲ್ಲಿಂದ ಸ್ಪಷ್ಟವಾಗಿ ಕಾಣುತ್ತದೋ ಆ ಬದಿ ತೀರ್ಪುಗಾರರ ಕಡೆಗಿರಬೇಕು. ಪಶ್ಚಿಮೋತ್ತಾನಾಸನ, ಧನುರಾಸನ, ಸರ್ವಾಂಗಾಸನ, ನಟರಾಜಾಸನ ಇವೆಲ್ಲ ಬದಿಯಿಂದ ಕಾಣಬೇಕಾದವು. ವೃಕ್ಷಾಸನ ಎದುರಿನಿಂದ. ಸರ್ವಾಂಗಾಸನವನ್ನು ಎದುರಿಗೆ ಮಾಡಿದರೆ ಕಾಲು ಮುಖದ ಕಡೆಗೆ ವಾಲಿದ್ದು ಮುಚ್ಚಿಹೋಗುತ್ತದೆ ಎಂದು ಕೆಲವರು ಯೋಚಿಸುತ್ತಾರೆ. ಆದರೆ ನೆಟ್ಟಗೆ ನಿಂತದ್ದೂ ಕಾಣುವುದಿಲ್ಲವಲ್ಲ. ತಿರುಗಿ ಮಾಡಲು ಹೇಳುವ ಮುಖ್ಯ ತೀರ್ಪುಗಾರರೂ ಇದ್ದಾರೆ, ಆಗ ಮಗುವಿನ ಮನಸ್ಸು ಕದಡುತ್ತದೆ.

ಮನೆಯಲ್ಲಿ ಪರೀಕ್ಷಿಸಲು ಮೊಬೈಲನ್ನು ಬದಿಯಲ್ಲಿ, ಕುರ್ಚಿಯ ಎತ್ತರಕ್ಕೆ ಇಟ್ಟು ರೆಕಾರ್ಡ್ ಮಾಡಿ. ಹಿಂದೆ ಬಾಗಿಲಿನ ದಾರಂದ ಬರುವ ಹಾಗೆ ನೋಡಿಕೊಳ್ಳಿ. ದಾರಂದ ನೆಟ್ಟಗಿರುವುದರಿಂದ ಸರ್ವಾಂಗಾಸನದ ಕಾಲು ಎಷ್ಟು ವಾಲಿದೆ ಎಂಬುದನ್ನು ಅದರ ಜೊತೆ ಹೋಲಿಸಿ ಮಗುವಿಗೇ ತೋರಿಸಬಹುದು. ನಾವು ಬಾಯಲ್ಲಿ ಹೇಳಿದ್ದಕ್ಕಿಂತ ಅದು ಬೇಗ ನಾಟುತ್ತದೆ.

ಹೋದ ವರ್ಷ ಫಸ್ಟ್ ಬಂದವಳು ಈ ವರ್ಷ ನಿಲ್ಲಲಿಕ್ಕೇ ಕಷ್ಟಪಡುತ್ತಾಳೆ. ಅಭ್ಯಾಸ ಕಡಿಮೆ ಆಗಿಲ್ಲ. ಎಂತ ಆಯಿತು?

ಅವಳ ಎತ್ತರ ಅಳೆದು ನೋಡಿ. ಹನ್ನೊಂದರಿಂದ ಹದಿನಾಲ್ಕರ ಒಳಗೆ, ಹುಡುಗರಲ್ಲಿ ಸ್ವಲ್ಪ ತಡವಾಗಿ, ಕೈಕಾಲಿನ ಎಲುಬುಗಳು ಬೇಗ ಬೇಗ ಉದ್ದವಾಗುತ್ತವೆ. ಆಗ ಸ್ನಾಯುಗಳು ಬಿಗಿಯಾದ ಹಾಗೆ ಅನಿಸುತ್ತದೆ, ತೊಡೆಯ ಹಿಂಭಾಗದ್ದು ಮುಖ್ಯವಾಗಿ. ಮೈಯ ಭಾರದ ಕೇಂದ್ರವೂ ಮೇಲೆ ಹೋಗಿರುತ್ತದೆ. ಹಳೆಯ ಅಳತೆಯ ಮೈಗೆ ಕಲಿತ ಸಮತೋಲನವನ್ನು ಹೊಸ ಅಳತೆಗೆ ಮತ್ತೆ ಕಲಿಯಬೇಕಾಗುತ್ತದೆ. ಕೆಲವು ತಿಂಗಳು ಹಿಡಿಯುತ್ತದೆ.

ಆ ಅವಧಿಯಲ್ಲಿ ಒತ್ತಿ ಬಗ್ಗಿಸಿದರೆ ಗಾಯವೇ ಆಗುವುದು. ಐಚ್ಛಿಕದಲ್ಲಿ ಸಮತೋಲನದ ಆಸನವನ್ನು ಬಿಟ್ಟು, ಕೂತು ಅಥವಾ ಮಲಗಿ ಮಾಡುವುದನ್ನು ಆರಿಸಿಕೊಳ್ಳಿ. ಕಡ್ಡಾಯದಲ್ಲಿ ಬಂದ ಒಂಟಿ ಕಾಲಿನ ಆಸನಕ್ಕೆ ಗೋಡೆಯ ಹತ್ತಿರ, ಬೆರಳ ತುದಿ ಮುಟ್ಟಿಸಿಕೊಂಡು ಶುರು ಮಾಡಿ, ಮೆಲ್ಲಗೆ ಬೆರಳನ್ನು ಬಿಡಿಸಿ.

ಮಾರ್ಕು ತಪ್ಪಾಗಿದೆ ಅಂತ ಅನಿಸಿದರೆ ನಾವು ಹೋಗಿ ಕೇಳಬಹುದಾ?

ಹೆತ್ತವರು ನೇರವಾಗಿ ಮೇಜಿಗೆ ಹೋಗುವ ಹಾಗಿಲ್ಲ. ಶಾಲೆಯ ಮ್ಯಾನೇಜರ್ ಅಥವಾ ಕೋಚ್ ಮೂಲಕ, ಬರವಣಿಗೆಯಲ್ಲಿ, ನಿಯಮದಲ್ಲಿ ಹೇಳಿದ ಸಮಯದ ಒಳಗೆ, ಮುಖ್ಯ ತೀರ್ಪುಗಾರರಿಗೆ ಕೊಡಬೇಕು. ಎಷ್ಟೋ ಕಡೆ ಅದಕ್ಕೊಂದು ಶುಲ್ಕವೂ ಇರುತ್ತದೆ.

“ಅವಳಿಗೆ 7 ಯಾಕೆ, 8 ಯಾಕಲ್ಲ” ಎಂಬುದು ಸಾಮಾನ್ಯವಾಗಿ ನಿಲ್ಲುವುದಿಲ್ಲ, ಅದು ಅವರು ಕಣ್ಣಿನಿಂದ ಕಂಡದ್ದರ ತೀರ್ಮಾನ. ನಿಲ್ಲುವುದು ಮೂರು ಬಗೆಯದು: ಕೂಡಿಸುವಲ್ಲಿ ತಪ್ಪು, ಬೇರೆ ಮಗುವಿನ ಚೆಸ್ಟ್ ನಂಬರಿಗೆ ಅಂಕ ಬರೆದದ್ದು, ನಿಯಮದಂತೆ ಸಿಗಬೇಕಾದ ಪ್ರಯತ್ನ ಕೊಡದೇ ಇದ್ದದ್ದು. ಅಂಕಗಳನ್ನು ಬೋರ್ಡಿನಲ್ಲಿ ತೋರಿಸುವಲ್ಲಿ ಪ್ರತಿ ಆಸನಕ್ಕೆ ಐವರದ್ದನ್ನೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಮೇಲೆ ಮಾಡಿದ ಹಾಗೆ ಕೂಡಿಸಿ. ಫಲಿತಾಂಶದ ಒಟ್ಟು ಅಂಕಕ್ಕೂ ನಿಮ್ಮದಕ್ಕೂ ವ್ಯತ್ಯಾಸ ಬಂದರೆ ಆ ಚೀಟಿಯನ್ನು ಕೋಚ್ ಕೈಗೆ ಕೊಡಿ. ಸರ್ಟಿಫಿಕೇಟ್ ಬರೆಯಲು ಶುರು ಮಾಡುವ ಮುಂಚೆ ಕೊಡಬೇಕು. ಅದಾದ ಮೇಲೆ ಲೆಕ್ಕ ನಿಮ್ಮದೇ ಸರಿ ಇದ್ದರೂ ತಿದ್ದಿಸುವುದು ಕಷ್ಟ.